ಸೊಳ್ಳೆ ನಿಮ್ಮ ಷರತ್ತು ಓದಿರಲಿಲ್ಲ

ಇವರಿಗೆ,
ಮಾಲೀಕರು, ಹೆಸರು ಹೇಳಲಿಚ್ಛಿಸದ ಟೂರ್ಸ್ ಅಂಡ್ ಟ್ರಾವೆಲ್ಸ್, ಬೆಂಗಳೂರು

ವಿಷಯ: ಅಕ್ಟೋಬರ್ 12ರ ಕಾಶ್ಮೀರ ಪ್ರವಾಸ ರದ್ದು, ಹಣ ವಾಪಸ್ ಅಥವಾ ಬೇರೆ ದಿನಾಂಕ

ಮಾನ್ಯರೇ,

ಅಕ್ಟೋಬರ್ 3ರಂದು ನನಗೆ ಡೆಂಗಿ ಇರುವುದು ಗೊತ್ತಾಯಿತು. ಪ್ಲೇಟ್‌ಲೆಟ್ 38,000ಕ್ಕೆ ಇಳಿದಿತ್ತು. ಅಂದೇ ವೈದ್ಯರ ಚೀಟಿ, ರಕ್ತಪರೀಕ್ಷೆಯ ವರದಿ ಲಗತ್ತಿಸಿ ನಿಮಗೆ ಇ-ಮೇಲ್ ಕಳಿಸಿದೆ. ನಾಲ್ಕೇ ನಿಮಿಷದಲ್ಲಿ ಉತ್ತರ ಬಂತು: "ಬೇಗ ಗುಣಮುಖರಾಗಿ. ಹೊರಡುವುದಕ್ಕೆ 15 ದಿನಕ್ಕಿಂತ ಕಡಿಮೆ ಇರುವುದರಿಂದ ಶೇ. 75 ಕಡಿತ." ಇಬ್ಬರಿಗೆ ಕಟ್ಟಿದ್ದು 84,000 ರೂಪಾಯಿ, ಅದರಲ್ಲಿ 63,000 ನಿಮಗೆ, ಹಾರೈಕೆ ನನಗೆ.

ಪೂರ್ತಿ ಹಣ ಬೇಕಿದ್ದರೆ 30 ದಿನ ಮೊದಲೇ ತಿಳಿಸಬೇಕಿತ್ತಂತೆ. ತಪ್ಪು ನನ್ನದೇ. ಡೆಂಗಿ ಸೊಳ್ಳೆ ಕಚ್ಚಿದ ಮೇಲೆ ಜ್ವರ ಕಾಣಿಸಿಕೊಳ್ಳಲು 4ರಿಂದ 10 ದಿನ ಸಾಕು. ನಿಮ್ಮ ನಿಯಮ ಪಾಲಿಸಬೇಕಾದರೆ ಸೊಳ್ಳೆ ಹುಟ್ಟುವ ಮೊದಲೇ ನಾನು ಅದರ ಜಾತಕ ಬರೆಸಬೇಕಿತ್ತು.

ಫೋನ್ ಮಾಡಿದಾಗ ನಿಮ್ಮ ಹುಡುಗ ಕೇಳಿದ: "ಜ್ವರ ನಿಮಗಲ್ವಾ ಸರ್, ಮೇಡಂ ಬರಬಹುದಲ್ಲ?" ಬರಬಹುದು. ಆಗ ಡಬಲ್ ರೂಮು ಸಿಂಗಲ್ ಆಗಿ, ಅದಕ್ಕೊಂದಷ್ಟು ಹೆಚ್ಚುವರಿ ಕಟ್ಟಬೇಕು ಎಂದೂ ಅವನೇ ಹೇಳಿದ. ಗಂಡನಿಗೆ ಗ್ಲೂಕೋಸ್ ಏರುತ್ತಿರುವಾಗ ಹೆಂಡತಿ ದಾಲ್ ಸರೋವರದಲ್ಲಿ ಶಿಕಾರಾ ಏರಬೇಕು, ಅದಕ್ಕೂ ನಾನೇ ದಂಡ ಕಟ್ಟಬೇಕು!

ಉಳಿದ 21,000ಕ್ಕೆ ಕ್ರೆಡಿಟ್ ನೋಟ್ ಕೊಟ್ಟಿರಿ. ಅವಧಿ ಆರು ತಿಂಗಳು, ಸೀಸನ್‌ನಲ್ಲಿ ಅನ್ವಯಿಸದು. ಏಪ್ರಿಲ್‌ನಲ್ಲಿ ಟ್ಯೂಲಿಪ್ ಅರಳಿದಾಗ ಹೋಗೋಣವೆಂದರೆ ಅದು ಸೀಸನ್. ಅದು ಮುಗಿಯುವ ಹೊತ್ತಿಗೆ ನೋಟ್‌ನ ಅವಧಿಯೂ ಮುಗಿದಿರುತ್ತದೆ.

ನಿಮ್ಮ ನಷ್ಟ ನೀವು ಹಿಡಿದುಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಅದು ಎಷ್ಟೆಂದು ತೋರಿಸಿ. ವಿಮಾನ ಕಂಪನಿ ಎಷ್ಟು ಕಡಿತ ಮಾಡಿತು? ಹೋಟೆಲಿಗೆ ನೀವು ಕಟ್ಟಿದ್ದ ಮುಂಗಡವೆಷ್ಟು, ಆ ರೂಮು ಬೇರೆಯವರಿಗೆ ಹೋಯಿತೇ? ಹಣ ವಾಪಸಾಗದ ಟಿಕೆಟ್ಟಿನಲ್ಲೂ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ ಪ್ರಯಾಣಿಕನಿಗೆ ಮರಳಬೇಕೆಂಬುದು ಡಿಜಿಸಿಎ ನಿಯಮ. ಕರಾರಿನಲ್ಲಿ ಬರೆದ ದಂಡ ಗರಿಷ್ಠ ಮಿತಿಯಷ್ಟೇ, ಅದರೊಳಗೆ ನ್ಯಾಯವಾದ ಪರಿಹಾರ ಮಾತ್ರ ಸಲ್ಲುತ್ತದೆ ಎಂದು 1872ರ ಕರಾರು ಕಾಯ್ದೆಯ 74ನೇ ಕಲಂ ಹೇಳುತ್ತದೆ. ಶೇ. 75 ಎಂಬುದು ಲೆಕ್ಕವಲ್ಲ, ಬರೀ ಅಂಕಿ.

ಆದ್ದರಿಂದ ಎರಡರಲ್ಲೊಂದು ಮಾಡಿ. ಏಪ್ರಿಲ್‌ನ ದಿನಾಂಕ ಕೊಡಿ, ಟಿಕೆಟ್ ದರದ ವ್ಯತ್ಯಾಸ ನಾನು ಕಟ್ಟುತ್ತೇನೆ. ಇಲ್ಲವೇ ರಸೀದಿ ಸಮೇತ ಖರ್ಚು ತೋರಿಸಿ, ಮಿಕ್ಕದ್ದು ಬ್ಯಾಂಕ್ ಖಾತೆಗೆ ಹಾಕಿ. ಹದಿನೈದು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕ ಸಹಾಯವಾಣಿ 1915 ಇದ್ದೇ ಇದೆ.

ಅಂದಹಾಗೆ, ನಿನ್ನೆಯ ವರದಿಯಂತೆ ಪ್ಲೇಟ್‌ಲೆಟ್ 1,62,000. ಡೆಂಗಿ ಕೂಡ ತೆಗೆದುಕೊಂಡದ್ದನ್ನು ಎರಡೇ ವಾರದಲ್ಲಿ ವಾಪಸ್ ಕೊಟ್ಟಿದೆ.

ಇಂತಿ,
ನಿಮ್ಮ ಶೇ. 25ರಷ್ಟು ಗ್ರಾಹಕ