ಎಸ್‌ಎಲ್‌ಎ ರಾಯರು

ಸಂಜೆ 5:45 ಆಯಿತೆಂದರೆ ನಮ್ಮ ಸಪೋರ್ಟ್ ವಿಭಾಗದಲ್ಲಿ ಎಲ್ಲರ ಕಣ್ಣೂ ಬ್ಯಾಗಿನ ಮೇಲೆ. ರಾಯರ ಕಣ್ಣು ಮಾತ್ರ ಪರದೆಯ ಮೇಲೆ. ಅಲ್ಲಿ ಒಂದೊಂದು ಟಿಕೆಟ್ಟಿನ ಪಕ್ಕದಲ್ಲೂ ಒಂದೊಂದು ಪುಟ್ಟ ಗಡಿಯಾರ ಓಡುತ್ತಿರುತ್ತದೆ. ಸಮಯ ಬೇಕಾದಷ್ಟಿದ್ದರೆ ಹಸಿರು, ಮುಗಿಯುತ್ತ ಬಂದರೆ ಹಳದಿ, ಗಡುವು ದಾಟಿದರೆ ಕೆಂಪು. 6 ಹೊಡೆದ ಕ್ಷಣಕ್ಕೆ ಅಷ್ಟೂ ಗಡಿಯಾರಗಳು ಒಟ್ಟಿಗೆ ನಿಂತುಬಿಡುತ್ತವೆ. ರಾಯರು ಮಂಗಳಾರತಿ ಕಣ್ಣಿಗೊತ್ತಿಕೊಂಡವರ ಹಾಗೆ ಒಮ್ಮೆ ಕಣ್ಣು ಮುಚ್ಚಿ ತೆರೆದು, "ಕಾಲ ನಿಂತಿತು, ಏಳ್ರಪ್ಪ" ಅನ್ನುತ್ತಾರೆ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಆಫೀಸು ಇಟ್ಟದ್ದು ಎಸ್‌ಎಲ್‌ಎ ರಾಯರು ಅಂತ. ಗ್ರಾಹಕನ ದೂರಿಗೆ ಇಷ್ಟು ಗಂಟೆಯೊಳಗೆ ಉತ್ತರ ಕೊಡುತ್ತೇವೆ, ಇಷ್ಟರೊಳಗೆ ಸರಿಮಾಡುತ್ತೇವೆ ಎಂದು ಬರೆದುಕೊಡುವ ಕರಾರಿಗೆ ಎಸ್‌ಎಲ್‌ಎ ಅನ್ನುತ್ತಾರೆ. ಸಾಫ್ಟ್‌ವೇರ್ ಊರಾದ ಬೆಂಗಳೂರಿನಲ್ಲಿ ಇಂಥ ರಾಯರು ಆಫೀಸಿಗೊಬ್ಬರಾದರೂ ಸಿಗುತ್ತಾರೆ. ಟಿಕೆಟ್ಟಿನಲ್ಲಿ ಏನು ಬರೆದಿದೆ ಎಂದು ಕೇಳಿದರೆ ಹೇಳಲಾರರು. ಅದು ಎಷ್ಟು ಗಂಟೆಗೆ ಬಂತು ಎಂದು ಕೇಳಿ, ನಿಮಿಷದ ಸಮೇತ ಹೇಳುತ್ತಾರೆ.

ಅವರ ಮೇಜಿನ ಹಿಂದಿನ ಗೋಡೆಯಲ್ಲಿ ಎರಡು ಕ್ಯಾಲೆಂಡರುಗಳು ಅಕ್ಕಪಕ್ಕ ನೇತಾಡುತ್ತವೆ. ಒಂದು ಪಂಚಾಂಗದ್ದು, ಇನ್ನೊಂದು ಕಂಪನಿಯ ರಜಾಪಟ್ಟಿ. ಎರಡೂ ಒಂದೇ ಜಾತಿಯವು ಎನ್ನುವುದು ರಾಯರ ವಾದ. "ರಾಹುಕಾಲ ಅಂದ್ರೇನಯ್ಯ? ದಿನಕ್ಕೆ ಒಂದೂವರೆ ಗಂಟೆ ಲೆಕ್ಕಕ್ಕಿಲ್ಲ ಅಂತ ತಾನೆ? ಇದೂ ಅಷ್ಟೆ. ನಮ್ಮ ರಾಹುಕಾಲ ಸಂಜೆ 6ರಿಂದ ಬೆಳಿಗ್ಗೆ 9, ಜೊತೆಗೆ ಶನಿವಾರ, ಭಾನುವಾರ, ರಜಾಪಟ್ಟಿ." ಮಧ್ಯಾಹ್ನದ ಊಟದ ಹೊತ್ತಿನಲ್ಲೂ ಗಡಿಯಾರ ಓಡುತ್ತದೆ ಎನ್ನುವುದೊಂದು ಕೊರಗು ಅವರಿಗೆ. ಕರಾರು ಬರೆದವನು ಊಟ ಮಾಡದ ಪೈಕಿ ಇರಬೇಕು ಎಂದು ಮೊಸರನ್ನ ಕಲಸುತ್ತ ಬೈಯುತ್ತಾರೆ.

ಮಹಾಭಾರತವೂ ಅವರ ಕೈಯಲ್ಲಿ ಕರಾರುಪತ್ರವೇ. ಕುರುಕ್ಷೇತ್ರದಲ್ಲಿ ಸೂರ್ಯ ಮುಳುಗಿದರೆ ಯುದ್ಧ ನಿಲ್ಲುತ್ತಿತ್ತಲ್ಲ, ಅದು ಕೆಲಸದ ವೇಳೆ. ಸೈಂಧವನನ್ನು ಸೂರ್ಯಾಸ್ತದೊಳಗೆ ಕೊಲ್ಲುತ್ತೇನೆ ಎಂದು ಅರ್ಜುನ ಶಪಥ ಮಾಡಿದ್ದು ಗಡುವು. ಕೃಷ್ಣ ಸೂರ್ಯನನ್ನು ಮರೆಮಾಡಿದಾಗ ಕೌರವರು ಗಡುವು ಮೀರಿತು ಎಂದು ನಂಬಿ ಕೆಟ್ಟರು. "ಪರದೆ ಮೇಲಿನ ಬಣ್ಣ ನೋಡಿ ಕುಣೀಬಾರದು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕೇನಯ್ಯ?" ಅವತ್ತಿನ, ಅಂದರೆ 14ನೇ ದಿನದ ಯುದ್ಧ ಮಾತ್ರ ರಾತ್ರಿಯೂ ನಡೆಯಿತಲ್ಲ ಸಾರ್ ಎಂದು ಹೊಸ ಹುಡುಗ ಕೇಳಿದ. ರಾಯರು ತಡವರಿಸಲಿಲ್ಲ. "ಅದು ಪಿ1 ಕಣೋ. ಪಿ1ಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ, ಗಡಿಯಾರ 24 ಗಂಟೆಯೂ ಓಡುತ್ತೆ. ಪಾಪ, ಘಟೋತ್ಕಚ ನೈಟ್ ಶಿಫ್ಟಿನಲ್ಲಿ ಹೋದ."

ಇಷ್ಟು ಪಾಂಡಿತ್ಯದ ರಾಯರನ್ನು ಅಲ್ಲಾಡಿಸಿದ್ದು ಹುಬ್ಬಳ್ಳಿಯ ಒಬ್ಬ ಸಗಟು ವ್ಯಾಪಾರಿ.

2024ರ ಅಕ್ಟೋಬರ್ 30, ಬುಧವಾರ, ಸಂಜೆ 5:40. ನಮ್ಮ ಬಿಲ್ಲಿಂಗ್ ತಂತ್ರಾಂಶ ಹಾಕಿಸಿಕೊಂಡಿದ್ದ ಅವರ ಅಂಗಡಿಯಿಂದ ಟಿಕೆಟ್ ಬಂತು: 'ಬಿಲ್ ಪ್ರಿಂಟ್ ಆಗುತ್ತಿಲ್ಲ'. ಒಂದೇ ಪ್ರಿಂಟರಿನ ತೊಂದರೆಯಾದ್ದರಿಂದ ಪಿ3 ಅಂತ ಬಿತ್ತು. ಪಿ3ಗೆ ಮೊದಲ ಉತ್ತರದ ಗಡುವು 4 ಗಂಟೆ. ಟಿಕೆಟ್ ತಲುಪಿದೆ ಎಂದು ಯಂತ್ರ ತಾನಾಗಿ ಕಳಿಸುವ ಮೇಲ್ ಲೆಕ್ಕಕ್ಕಿಲ್ಲ, ಮನುಷ್ಯನೇ ಉತ್ತರಿಸಬೇಕು. ಹುಡುಗ ಗಾಬರಿಯಿಂದ ಫೋನಿಗೆ ಕೈಹಾಕಿದ. ರಾಯರು ಕೈ ಹಿಡಿದು ಕೂರಿಸಿ, ಪಾಠ ಶುರು ಮಾಡಿದರು.

"ಮುಂದಕ್ಕೆ ನಡೀತಾ ಹೋಗು. ಇವತ್ತು 5:40ರಿಂದ 6ರವರೆಗೆ 20 ನಿಮಿಷ ಖರ್ಚು. ಉಳಿದದ್ದು 3 ಗಂಟೆ 40 ನಿಮಿಷ. ನಾಳೆ ಗುರುವಾರ ನರಕ ಚತುರ್ದಶಿ, ರಜ. ನವೆಂಬರ್ 1 ಶುಕ್ರವಾರ ರಾಜ್ಯೋತ್ಸವ, ರಜ. ಶನಿವಾರ ಬಲಿಪಾಡ್ಯಮಿ, ಹೇಗೂ ವಾರಾಂತ್ಯ. ಭಾನುವಾರ ಭಾನುವಾರವೇ. ಸೋಮವಾರ ಬೆಳಿಗ್ಗೆ 9ಕ್ಕೆ ಗಡಿಯಾರ ಮತ್ತೆ ಎದ್ದು, 3 ಗಂಟೆ 40 ನಿಮಿಷ ನಡೆದು, 12:40ಕ್ಕೆ ನಿಲ್ಲುತ್ತೆ. ಅಲ್ಲಿವರೆಗೆ ನೀನು ಹಸಿರು."

ಲೆಕ್ಕದಲ್ಲಿ ಒಂದು ನಿಮಿಷವೂ ಹೆಚ್ಚುಕಮ್ಮಿ ಇರಲಿಲ್ಲ. ಗೋಡೆ ಗಡಿಯಾರದ ಪ್ರಕಾರ ಬುಧವಾರದ 5:40ರಿಂದ ಸೋಮವಾರದ 12:40ಕ್ಕೆ 115 ಗಂಟೆ. ನಮ್ಮ ಗಡಿಯಾರದ ಪ್ರಕಾರ 4. ಹುಡುಗ ಸೋಮವಾರ 12:10ಕ್ಕೆ ಫೋನ್ ಮಾಡಿದಾಗ ಪರದೆಯಲ್ಲಿ ಇನ್ನೂ ಅರ್ಧ ಗಂಟೆ ಬಾಕಿ ತೋರಿಸುತ್ತಿತ್ತು. ಸಾವ್ಕಾರರು ಅದಕ್ಕೇನೂ ಸಂತೋಷಪಡಲಿಲ್ಲ.

"ಏನ್ರೀ, ದೀಪಾವಳಿ ಅಂದ್ರ ನಮಗ ವರ್ಷದ ವ್ಯಾಪಾರ. ಅಂಗಡಿ ತುಂಬ ಮಂದಿ, ನಾನು ಕೈಲೆ ಬಿಲ್ ಬರಕೋತ ಕುಂತಿದ್ದೆ. ಪೂಜಿ ಮುಗೀತು, ಪಟಾಕಿ ಮುಗೀತು, ಈಗ ಫೋನ್ ಮಾಡಾಕತ್ತೀರಲ್ಲ?"

ರಾಯರು ಫೋನ್ ಇಸಿದುಕೊಂಡು, 4 ಗಂಟೆಯೊಳಗೇ ಉತ್ತರಿಸಿದ್ದೇವೆ ಎಂದು ವಿನಯದಿಂದಲೇ ವಿವರಿಸಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, "ಆ 4 ತಾಸು ಯಾರ ಊರಿನವು ಸರ್?" ಎಂಬ ಪ್ರಶ್ನೆ ಬಂತು.

ನನ್ನನ್ನು ಕೇಳಿದರೆ, ಇಡೀ ಎಸ್‌ಎಲ್‌ಎ ಶಾಸ್ತ್ರದ ಬಗ್ಗೆ ಕೇಳಬೇಕಾದ ಪ್ರಶ್ನೆ ಅದೊಂದೇ. ಕರಾರಿನಲ್ಲಿ 'ಕೆಲಸದ 4 ಗಂಟೆ' ಎಂದಿತ್ತು, ಯಾರ ಕೆಲಸ ಎನ್ನುವುದು ಸಣ್ಣಕ್ಷರದ ಅನುಬಂಧದಲ್ಲಿತ್ತು. ಅಂಗಡಿ ರಾತ್ರಿ 10ರವರೆಗೆ ತೆರೆದಿರುತ್ತದೆ, ಶನಿವಾರ ಗಲ್ಲಾಪೆಟ್ಟಿಗೆ ತುಂಬುವ ದಿನ. ನಮ್ಮ ಗಡಿಯಾರ ಅಳೆಯುವುದು ನಾವು ಕುರ್ಚಿಯಲ್ಲಿದ್ದ ಹೊತ್ತನ್ನು, ಅವರು ಕಾದ ಹೊತ್ತನ್ನಲ್ಲ. ತಿಂಗಳ ವರದಿಯಲ್ಲಿ ಎರಡೂ ಅಂಕಿಗಳನ್ನು, 4 ಮತ್ತು 115, ಅಕ್ಕಪಕ್ಕ ಹಾಕೋಣ ಎಂದು ನಾನೊಮ್ಮೆ ಹೇಳಿದ್ದೆ. ರಾಯರು ಶ್ರಾದ್ಧದ ಎಲೆಗೆ ಈರುಳ್ಳಿ ಬಡಿಸಿದವನನ್ನು ನೋಡಿದ ಹಾಗೆ ನೋಡಿದರು.

ನಿಂತ ಗಡಿಯಾರದಿಂದ ಪುಣ್ಯ ಕಟ್ಟಿಕೊಳ್ಳುವುದರಲ್ಲೂ ರಾಯರು ನಿಸ್ಸೀಮರು. ಸಂಜೆ 6:05ಕ್ಕೆ ಬಂದ ಟಿಕೆಟ್ಟಿಗೆ ಮರುದಿನ ಬೆಳಿಗ್ಗೆ 8ಕ್ಕೆ, ಕಾಫಿ ಕುಡಿಯುತ್ತ ಮನೆಯಿಂದಲೇ ಉತ್ತರ ಕಳಿಸುತ್ತಾರೆ. ಗ್ರಾಹಕ ಕಾದದ್ದು ಹದಿನಾಲ್ಕು ಗಂಟೆಯ ಹತ್ತಿರ, ದಾಖಲಾಗುವುದು 0 ನಿಮಿಷ. ಹೀಗೆ ಹತ್ತು ಸೊನ್ನೆ ಸೇರಿಸಿದರೆ ಹಗಲಿನಲ್ಲಿ ಆದ ತಡವೆಲ್ಲ ಸರಾಸರಿಯಲ್ಲಿ ಕರಗಿಹೋಗುತ್ತದೆ. ಸರಾಸರಿಯನ್ನಷ್ಟೇ ನೋಡುವ ಮ್ಯಾನೇಜರಿಗೆ ಇದು ತಿಳಿಯುವುದಿಲ್ಲ. ಒಂದೊಂದು ಟಿಕೆಟ್ಟಿನ ಅಂಕಿಯನ್ನೂ ಬಿಡಿಯಾಗಿ ಹರವಿದರೆ ಸಾಕು, ಸೊನ್ನೆಯ ಹತ್ತಿರ ಒಂದು ರಾಶಿ, ಗಡುವಿಗೆ ಐದು ಹತ್ತು ನಿಮಿಷ ಮುಂಚೆ ಇನ್ನೊಂದು ರಾಶಿ ಕಾಣುತ್ತದೆ.

ಗಡಿಯಾರ ಓಡುವ ಹೊತ್ತಿನಲ್ಲೂ ಅದನ್ನು ನಿಲ್ಲಿಸುವ ಒಂದು ಗುಂಡಿ ಇದೆ. 'ಗ್ರಾಹಕರ ಉತ್ತರಕ್ಕಾಗಿ ಕಾಯಲಾಗುತ್ತಿದೆ' ಎನ್ನುವ ಗುಂಡಿ ಅದು. ನಿಜವಾಗಿ ಏನಾದರೂ ಕೇಳಬೇಕಾದಾಗ ಒತ್ತಬೇಕಾದದ್ದು. ನಮ್ಮಲ್ಲಿ ಯಾಕೋ ಸಂಜೆಯ ಹೊತ್ತೇ ಹೆಚ್ಚು ಕೇಳಬೇಕೆನಿಸುತ್ತದೆ, "ದಯವಿಟ್ಟು ಒಂದು ಸ್ಕ್ರೀನ್‌ಶಾಟ್ ಕಳಿಸಿ" ಅಂತ. ಈ ಗುಂಡಿಯಿಂದಲೇ ಒಮ್ಮೆ ಪವಾಡ ನಡೆಯಿತು. ತಿಂಗಳ ವರದಿಯಲ್ಲಿ ಒಂದು ಟಿಕೆಟ್ಟಿನ ಪರಿಹಾರಕ್ಕೆ ಹಿಡಿದ ಸಮಯ ಮೈನಸ್ 11 ಗಂಟೆ 30 ನಿಮಿಷ ಎಂದು ಬಂತು. ಗ್ರಾಹಕ ಕೇಳುವ ಮೊದಲೇ ಕೊಟ್ಟ ವರ ಎಂದು ಇಡೀ ವಿಭಾಗ ನಕ್ಕಿತು. ರಾಯರು ನಗಲಿಲ್ಲ. ಕಾಗದ ತೆಗೆದುಕೊಂಡು ಕೂತರು.

ಟಿಕೆಟ್ ಬಂದದ್ದು ಮಧ್ಯಾಹ್ನ 3ಕ್ಕೆ, ಮುಗಿದದ್ದು ಮರುದಿನ ಬೆಳಿಗ್ಗೆ 10:30ಕ್ಕೆ. ರಾತ್ರಿ ಬಿಟ್ಟು ಎಣಿಸಿದರೆ ಮೊದಲ ದಿನ 3 ಗಂಟೆ, ಎರಡನೇ ದಿನ ಒಂದೂವರೆ, ಒಟ್ಟು ನಾಲ್ಕೂವರೆ. ನಡುವೆ ಸಂಜೆ 5:30ರಿಂದ ಬೆಳಿಗ್ಗೆ 9:30ರವರೆಗೆ ಗುಂಡಿ ಒತ್ತಿತ್ತು. ವರದಿ ತಯಾರಿಸುವ ಹುಡುಗ ಆ ಅವಧಿಯನ್ನು ಗೋಡೆ ಗಡಿಯಾರದಲ್ಲಿ 16 ಗಂಟೆ ಎಂದು ಎಣಿಸಿ, ನಾಲ್ಕೂವರೆಯಿಂದ ಕಳೆದಿದ್ದ. ರಾತ್ರಿಯನ್ನು ಒಮ್ಮೆ ಬಿಟ್ಟ ಮೇಲೆ ಮತ್ತೆ ಕಳೆಯಬಾರದು. ಕಾದ ಹೊತ್ತಿನಲ್ಲೂ ಕೆಲಸದ ವೇಳೆಗೆ ಬಿದ್ದದ್ದನ್ನು ಮಾತ್ರ ತೆಗೆಯಬೇಕು. ಸಂಜೆ ಅರ್ಧ, ಬೆಳಿಗ್ಗೆ ಅರ್ಧ, ಒಂದೇ ಗಂಟೆ. ಸರಿಯಾದ ಉತ್ತರ ಮೂರೂವರೆ. "ಮೈನಸ್ ಬಂದದ್ದಕ್ಕೆ ಸಿಕ್ಕಿಬಿದ್ದೆ. ದೊಡ್ಡ ಟಿಕೆಟ್ಟಾಗಿದ್ದರೆ 20ರಲ್ಲಿ 16 ಹೋಗಿ 4 ಅಂತ ಬರ್ತಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ" ಎಂದರು. ಈ ಮನುಷ್ಯನ ಮೇಲೆ ನನಗಿರುವ ಗೌರವ ಇಂಥ ಗಳಿಗೆಗಳದ್ದು.

ಆದರೆ ಇದೇ ರಾಯರು ಇನ್ನೊಂದು ತಪ್ಪನ್ನು ಕಂಡೂ ಕಾಣದವರಂತೆ ಕಾಪಾಡಿಕೊಂಡು ಬಂದಿದ್ದರು. ಕೆಲವು ಟಿಕೆಟ್‌ಗಳ ಪರಿಹಾರಕ್ಕೆ ಕರಾರಿನಲ್ಲಿ '1 ದಿನ' ಎಂದಿದೆ. ನಮ್ಮ ಟಿಕೆಟ್ ವ್ಯವಸ್ಥೆಯಲ್ಲಿ 1 ದಿನ ಎಂದು ತುಂಬಿದರೆ ಅದು 24 ಗಂಟೆ ಎಂದು ತಿಳಿಯುತ್ತದೆ. ದಿನಕ್ಕೆ 9 ಗಂಟೆಯಷ್ಟೇ ಓಡುವ ಗಡಿಯಾರ 24 ಗಂಟೆ ಮುಗಿಸಲು ಎರಡು ದಿನ, ಮೇಲೆ 6 ಗಂಟೆ ಬೇಕು. ಸೋಮವಾರ ಬೆಳಿಗ್ಗೆ 9ಕ್ಕೆ ಬಂದ ಟಿಕೆಟ್ಟಿನ 'ಒಂದು ದಿನ' ಮುಗಿಯುವುದು ಬುಧವಾರ ಮಧ್ಯಾಹ್ನ 3ಕ್ಕೆ. ಅಲ್ಲಿ 9 ಗಂಟೆ ಎಂದು ತುಂಬಬೇಕಿತ್ತು. ನಾನು ತೋರಿಸಿದಾಗ ರಾಯರು, "ದಿನ ಅಂದ್ರೆ 24 ಗಂಟೆ ಅಂತ ಮೂರನೇ ಕ್ಲಾಸಿನ ಮಗುವಿಗೂ ಗೊತ್ತು" ಎಂದು ಮಾತು ಮುಗಿಸಿದರು.

ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಸಾವ್ಕಾರರಿಗೆ ವಾರ್ಷಿಕ ನಿರ್ವಹಣೆಯ ಬಿಲ್ ಹೋಯಿತು, 30 ದಿನದಲ್ಲಿ ಪಾವತಿ ಎಂದು. ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಕಳೆಯಿತು, ಹಣ ಬರಲಿಲ್ಲ. ಈ ನಡುವೆ ಹುಡುಗ ಬಾಯಿತಪ್ಪಿ ಅವರಿಗೆ '1 ದಿನ'ದ ರಹಸ್ಯ ಹೇಳಿದ್ದ ಎನ್ನುವುದು ಆಮೇಲೆ ಗೊತ್ತಾಯಿತು. ಹಣ ಕೇಳಲು ಫೋನ್ ಮಾಡಿದವರು ರಾಯರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಬೇರೆ ಹಾಕಿದ್ದರು.

"ಕೊಡತೇವ್ರಿ, ಯಾಕ್ ಕೊಡಂಗಿಲ್ಲ?" ಎಂದರು ಸಾವ್ಕಾರರು. "30 ದಿನ ಅಂದ್ರ 720 ತಾಸು, ಹೌದಿಲ್ರೀ? ನಮ್ಮ ಅಂಗಡ್ಯಾಗ ಬ್ಯಾರೇದವ್ರಿಗೆ ರೊಕ್ಕ ಕೊಡೋ ವ್ಯಾಳ್ಯಾ ಮುಂಜಾನೆ 11ರಿಂದ 12. ದಿನಕ್ಕ ಒಂದೇ ತಾಸು. ಅದರಾಗ ಅಮಾಸಿ ಬಿಡ್ರಿ, ಐತವಾರ ಬಿಡ್ರಿ. ನಿಮ್ಮ ಗಡಿಯಾರ ಇನ್ನೂ ಹಸರೇ ಐತ್ರಿ ಸರ್."

ಹುಡುಗ ಮೇಜಿನ ಕೆಳಗೆ ಬಗ್ಗಿ ಪೆನ್ನು ಹುಡುಕತೊಡಗಿದ. ರಾಯರು ಫೋನಿಟ್ಟು, ಕಾಗದ ಎಳೆದುಕೊಂಡು ಏನೋ ಗುಣಿಸಿದರು. ಗೋಡೆಯ ಪಂಚಾಂಗ ಮಗುಚಿ ಅಮಾವಾಸ್ಯೆಗಳನ್ನು ಎಣಿಸಿದರು. ಎರಡು ಅಮಾವಾಸ್ಯೆ ಭಾನುವಾರವೇ ಬಿದ್ದಿದ್ದವು, ಅವನ್ನು ಎರಡು ಸಲ ಕಳೆಯಬಾರದೆಂದು ಒಂದು ಗೆರೆ ಹೊಡೆದರು. ಆಮೇಲೆ ಕನ್ನಡಕ ತೆಗೆದು, ನನ್ನ ಕಡೆ ತಿರುಗಿ, ಮೆಲ್ಲಗೆ ಹೇಳಿದರು: "ಲೆಕ್ಕ ಸರಿಯಾಗೇ ಇದೆ ಕಣಯ್ಯ."