ಅಳುವುದಕ್ಕೂ ಒಂದು ಮುಹೂರ್ತ

2022ರ ಜೂನ್‌ನಲ್ಲಿ, ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು ನಾಯಿಯೊಂದರ ಕಥೆಯ ‘777 ಚಾರ್ಲಿ’ ನೋಡಿ ಕ್ಯಾಮೆರಾಗಳೆದುರೇ ಕಣ್ಣೀರಿಟ್ಟರು. ಅದಕ್ಕೆ ಹಿಂದಿನ ವರ್ಷ ಅವರ ಮನೆಯ ನಾಯಿ ತೀರಿಕೊಂಡಿತ್ತು. ಮುಖ್ಯಮಂತ್ರಿಯನ್ನೇ ಅಳಿಸಿದ ಸಿನಿಮಾ ಎಂದು ಗೊತ್ತಾದಮೇಲೆ ಬುದ್ಧಿಯಿರುವ ಪ್ರಜೆಗಳು ಆ ಚಿತ್ರಮಂದಿರದ ಬೀದಿಯನ್ನೇ ಬಿಟ್ಟು ಸುತ್ತುಬಳಸಿ ಮನೆ ಸೇರಬೇಕಿತ್ತು. ಅವರು ಟಿಕೆಟ್ ಬುಕ್ ಮಾಡಿದರು.

ಈ ಪ್ರಬಂಧವನ್ನು ಬರೆಯುತ್ತಿರುವ ಮಹಾಶಯನೂ ಆ ಪ್ರಜೆಗಳ ಪೈಕಿ. ಸಿನಿಮಾ ಶುರುವಾಗುವ ಮೊದಲೇ ಕನ್ನಡಕ ತೆಗೆದು ಜೇಬಿಗಿಟ್ಟು, ತೊಡೆಯ ಮೇಲೆ ಟವೆಲ್ ಹಾಸಿಕೊಂಡು, ಕ್ಷೌರಕ್ಕೆ ಕೂತವನ ಹಾಗೆ ಅಳುವಿಗೆ ಕೂರುವ ಜಾತಿ ಇವನದು. ದುಡ್ಡು ಕೊಟ್ಟು ದುಃಖ ಕೊಳ್ಳುವ ಹುಚ್ಚು ತನ್ನೊಬ್ಬನದಲ್ಲ, ಅದಕ್ಕೆ ಶಾಸ್ತ್ರದ ಆಧಾರವಿದೆ ಎಂದು ಮನೆಯವರಿಗೆ ಸಾಬೀತುಪಡಿಸುವುದು ಇವನ ಬಹುದಿನದ ಹಂಬಲ.

ಆಧಾರ ಇದೆ. 14ನೇ ಶತಮಾನದ ವಿಶ್ವನಾಥ ‘ಸಾಹಿತ್ಯದರ್ಪಣ’ದಲ್ಲಿ ಇದೇ ಪ್ರಶ್ನೆ ಎತ್ತಿಕೊಳ್ಳುತ್ತಾನೆ. ಅವನ ವಾದ ವಕೀಲರ ವಾದದಷ್ಟು ನೇರ: ಕರುಣರಸದಲ್ಲಿ ದುಃಖವೇ ಸಿಗುವುದಾದರೆ ಅದರ ಕಡೆಗೆ ಯಾರೂ ತಲೆಹಾಕುತ್ತಿರಲಿಲ್ಲ; ರಾಮಾಯಣವನ್ನೂ ದುಃಖದ ಮೂಲವೆಂದು ಬದಿಗಿಡಬೇಕಾಗುತ್ತಿತ್ತು. ಜನ ಹಾಗೆ ಮಾಡಿಲ್ಲವಲ್ಲ, ಆದ್ದರಿಂದ ಅಲ್ಲಿ ಸಿಗುವುದು ಸುಖವೇ. ಹಾಗಿದ್ದರೆ ಕಣ್ಣೀರೇಕೆ? ಮನಸ್ಸು ಕರಗುವುದರಿಂದ, ಅಷ್ಟೇ.

ಮನಸ್ಸು ಕರಗಿದಾಗ ಮೈಗೆ ಏನಾಗುತ್ತದೆಂದು ನೋಡಲು ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು ಜನರನ್ನು ಗೋಡೆಗೆ ಒರಗಿಸಿದರು. 2016ರಲ್ಲಿ ಪ್ರಕಟವಾದ ಅಧ್ಯಯನ ಇದು. ಒಂದಿಷ್ಟು ಜನಕ್ಕೆ ಟಾಮ್ ಹಾರ್ಡಿ ಅಭಿನಯಿಸಿದ, ಮನೆಯಿಲ್ಲದ ಮನುಷ್ಯನೊಬ್ಬನ ದಾರುಣ ಬದುಕಿನ ಚಿತ್ರ ‘ಸ್ಟುವರ್ಟ್: ಎ ಲೈಫ್ ಬ್ಯಾಕ್‌ವರ್ಡ್ಸ್’ ತೋರಿಸಿದರು, ಇನ್ನೊಂದಿಷ್ಟು ಜನಕ್ಕೆ ನೀರಸ ಸಾಕ್ಷ್ಯಚಿತ್ರ. ಮೊದಲು ಮತ್ತು ಆಮೇಲೆ ಎಲ್ಲರೂ ಬೆನ್ನನ್ನು ಗೋಡೆಗೆ ಹಚ್ಚಿ, ಮೊಣಕಾಲು ಮಡಿಸಿ, ಇಲ್ಲದ ಕುರ್ಚಿಯ ಮೇಲೆ ಕೂರಬೇಕು. ತೊಡೆಯ ನೋವನ್ನು ಎಷ್ಟು ಹೊತ್ತು ತಡೆಯುತ್ತಾರೆ ಎಂಬುದೇ ಲೆಕ್ಕ. ದುಃಖದ ಸಿನಿಮಾ ನೋಡಿದವರ ತಡೆಯುವ ಶಕ್ತಿ ಒಟ್ಟಾರೆ ಹೆಚ್ಚಿತ್ತು. ಜೊತೆಗೆ ಕೂತು ನೋಡಿದ ಅಪರಿಚಿತರ ಮೇಲೆ ಅವರಿಗೆ ಆತ್ಮೀಯತೆಯೂ ಹುಟ್ಟಿತ್ತು. ಮೆದುಳು ಎಂಡಾರ್ಫಿನ್ ಎಂಬ ನೋವುನಿವಾರಕವನ್ನು ತಾನೇ ಸುರಿಸಿಕೊಳ್ಳುತ್ತದೆ, ಮಂದಿ ಒಟ್ಟಾಗಿ ಅಳಲು ಹೋಗುವುದು ಅದಕ್ಕೇ ಇರಬಹುದು ಎಂಬುದು ಅವರ ಊಹೆ.

ಇಷ್ಟು ಓದಿದ ನಮ್ಮ ಮಹಾಶಯ ಸುಮ್ಮನಿರಲಿಲ್ಲ. ಒಂದು ಭಾನುವಾರ ಸಂಜೆ ರಿಚರ್ಡ್ ಗೇರ್ ನಟಿಸಿದ ‘ಹಾಚಿ’ ಮುಗಿಯುತ್ತಲೇ, ಮೂಗೊರೆಸಿಕೊಳ್ಳುತ್ತ ಹಾಲಿನ ಗೋಡೆಗೆ ಬೆನ್ನು ಕೊಟ್ಟು ಜಾರಿದ. ಕ್ಯಾಲೆಂಡರ್ ಮೊಳೆ ಭುಜಕ್ಕೆ ಸೋಕಿತು. ಸಾಧಕನಿಗೆ ಅದೆಲ್ಲ ಲಕ್ಷ್ಯವಿಲ್ಲ. ಕಣ್ಣಲ್ಲಿ ಧಾರೆ, ತೊಡೆಯಲ್ಲಿ ನಡುಕ, ಎದುರಿಗೆ ಮೊಬೈಲಿನಲ್ಲಿ ಓಡುತ್ತಿರುವ ಸೆಕೆಂಡುಗಳು. ಅಡುಗೆಮನೆಯಿಂದ ಹೊರಬಂದ ಹೆಂಡತಿ ಸೌಟು ಹಿಡಿದೇ ನಿಂತಳು.

“ಏನ್ರೀ ಇದು? ಸೋಫಾ ಅಲ್ಲಿದೆ.”

“ನೋವು ತಡ್ಕೊಳ್ಳೋ ಶಕ್ತಿ ನೋಡ್ತಿದ್ದೀನಿ.”

“ನನ್ನ ಶಕ್ತಿ ನೋಡ್ಬೇಡಿ. ಏಳಿ ಮೇಲೆ.”

ಏಳುವುದೇ ಕಷ್ಟವಾಯಿತು. ಬಾಗಿಲಲ್ಲಿ ಮೊಸರಿನ ಪಾತ್ರೆ ವಾಪಸು ಕೊಡಲು ಬಂದಿದ್ದ ಪಕ್ಕದ ಮನೆಯಾಕೆ, ಅಳುತ್ತ ಅರ್ಧ ಕೂತ ಗಂಡಸನ್ನೂ ಸೌಟು ಹಿಡಿದ ಹೆಂಗಸನ್ನೂ ಒಮ್ಮೆ ನೋಡಿ, “ಆಮೇಲೆ ಬರ್ತೀನಿ” ಎಂದು ಪಾತ್ರೆಯ ಸಮೇತ ಹೊರಟುಹೋದರು. ಆಕ್ಸ್‌ಫರ್ಡಿನಲ್ಲಿ ಸಿನಿಮಾದ ಮೊದಲೂ ಒಮ್ಮೆ ಕೂರಿಸಿದ್ದರು. ಇಲ್ಲಿ ಹೋಲಿಸಲು ಮೊದಲಿನ ಲೆಕ್ಕವೇ ಇಲ್ಲದ್ದರಿಂದ ವಿಜ್ಞಾನಕ್ಕೆ ಕೊಡುಗೆ ಶೂನ್ಯ.

ಮನೆಯಲ್ಲಿ ಅಳುವವರಿಗೆ ಗೋಡೆಗಿಂತ ಗಡಿಯಾರ ಉಪಯೋಗಕ್ಕೆ ಬರುತ್ತದೆ. ನೆದರ್ಲೆಂಡ್ಸಿನ ಟಿಲ್ಬರ್ಗ್ ವಿಶ್ವವಿದ್ಯಾಲಯದ ವಿಂಗರ್‌ಹುಟ್ಸ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 60 ಜನ ಇದೇ ‘ಹಾಚಿ’ಯನ್ನೋ ‘ಲೈಫ್ ಈಸ್ ಬ್ಯೂಟಿಫುಲ್’ ಅನ್ನೋ ನೋಡಿದರು. 28 ಮಂದಿ ಅತ್ತರು. ಸಿನಿಮಾ ಮುಗಿದ ಕೂಡಲೇ ಅತ್ತವರ ಮನಸ್ಸು ಹಗುರಾಗಿರಲಿಲ್ಲ, ಕುಸಿದಿತ್ತು. 20 ನಿಮಿಷದ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಬಂತು. 90 ನಿಮಿಷದ ಹೊತ್ತಿಗೆ ಸಿನಿಮಾಗೆ ಮುಂಚೆ ಇದ್ದದ್ದಕ್ಕಿಂತ ಚೆನ್ನಾಗಿತ್ತು. ಅಳದವರಲ್ಲಿ ಹೇಳಿಕೊಳ್ಳುವಂಥ ಏರುಪೇರಿಲ್ಲ. ಚಿಕ್ಕ ಪ್ರಯೋಗ, ನಿಜ. ಅಷ್ಟು ಕೆಳಗೆ ಹೋಗಿ ಬಂದದ್ದರಿಂದಲೇ ಮೇಲಿನದು ಹೆಚ್ಚು ಹಿತವೆನಿಸಿರಲೂಬಹುದು. ಆದರೂ ಮನೆಯ ಲೆಕ್ಕಕ್ಕೆ ಸಾಕು. ‘ಹಾಚಿ’ ಒಂದೂವರೆ ಗಂಟೆಯ ಸಿನಿಮಾ. ಏಳಕ್ಕೆ ಹಾಕಿದರೆ ಎಂಟೂವರೆಗೆ ಮುಗಿದು, ಹತ್ತಕ್ಕೆ ಹಗುರ ಮನಸ್ಸಿನಲ್ಲಿ ಹಾಸಿಗೆ ಹಾಸಬಹುದು. ‘777 ಚಾರ್ಲಿ’ ಎರಡೂಮುಕ್ಕಾಲು ಗಂಟೆ. ಅದನ್ನು ಏಳಕ್ಕೆ ಹಾಕಿದವರ ಸಮಾಧಾನ ಹನ್ನೊಂದು ದಾಟಿದ ಮೇಲೆ ಬರುತ್ತದೆ. ಅದಕ್ಕೆ ಸಂಜೆ ಐದೂವರೆ ಒಳ್ಳೆಯ ಮುಹೂರ್ತ.

ಇನ್ನು ಯಾವ ಸಿನಿಮಾ? ಕೊನೆಯಲ್ಲಿ ಬೈಯಲು ಯಾರಾದರೂ ಉಳಿಯುತ್ತಾರೆಯೇ ಎಂದು ಮೊದಲು ನೋಡಬೇಕು. ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ‘ಶರಪಂಜರ’ (1971) ಮಹಾ ದುಃಖದ ಚಿತ್ರ. ಕಲ್ಪನಾ ಅವರ ಕಾವೇರಿ ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದರೂ ಸುತ್ತಲಿನವರು ಅವಳನ್ನು ಹುಚ್ಚಿಯೆಂದೇ ನೋಡಿ ನೋಡಿ ಮತ್ತೆ ಆಸ್ಪತ್ರೆಗೆ ಅಟ್ಟುತ್ತಾರೆ. ಅದನ್ನು ನೋಡಿದವರಿಗೆ ಅಳುವಿಗಿಂತ ಸಿಟ್ಟು ಜಾಸ್ತಿ, ಆ ಸಿಟ್ಟು ತೊಂಬತ್ತು ನಿಮಿಷಕ್ಕೆ ಇಳಿಯುವಂಥದ್ದಲ್ಲ. ಇಳಿಯಲೂಬಾರದು, ಪುಟ್ಟಣ್ಣ ಮಾಡಿದ್ದು ಅದಕ್ಕೇ. ಆದರೆ ಶಾಂತವಾದ ಸಂಜೆ ಬೇಕೆಂದವರು ಅದನ್ನು ಬೇರೆ ದಿನಕ್ಕಿಡಲಿ. ‘ಚಾರ್ಲಿ’ಯಲ್ಲಿಯೂ ಕ್ರೂರಿಯೊಬ್ಬನಿದ್ದಾನೆ, ಆದರೆ ಕಥೆ ಅವನ ಬೆನ್ನು ಹತ್ತುವುದಿಲ್ಲ. ಕ್ಯಾನ್ಸರ್ ಬಂದ ನಾಯಿಗೆ ಹಿಮ ತೋರಿಸಲು ನಾಯಕ ಧರ್ಮ ಹೊರಡುತ್ತಾನೆ. ಅವನಿಗೆ ಮಾಡಲು ಒಂದು ಕೆಲಸವಿದೆ, ನಮಗೆ ಜೊತೆಗೆ ಹೋಗಲು ಒಂದು ದಾರಿಯಿದೆ.

ಎರಡನೆಯದು, ಸಾವು ಎಲ್ಲಿ ಬರುತ್ತದೆ ಎಂಬುದು. ಕೊನೆಯ ಕ್ಷಣದಲ್ಲಿ ಯಾರನ್ನೋ ಕೊಂದು ಹೆಸರುಗಳನ್ನು ಓಡಿಸುವ ಚಿತ್ರ ಅಳುವವನನ್ನು ನಡುಬೀದಿಯಲ್ಲಿ ಬಿಟ್ಟ ಹಾಗೆ. ‘ಹಾಚಿ’ಯಲ್ಲಿ ನಾಯಿಯ ಒಡೆಯ ಪ್ರೊಫೆಸರ್ ತೀರಿಹೋದಮೇಲೂ ಸಾಕಷ್ಟು ಸಿನಿಮಾ ಉಳಿದಿರುತ್ತದೆ, ನಾಯಿ ರೈಲು ನಿಲ್ದಾಣದಲ್ಲಿ ಕಾಯುತ್ತಲೇ ಇರುತ್ತದೆ. ಟೋಕಿಯೊದ ಶಿಬುಯಾದಲ್ಲಿ ನಿಜವಾದ ಹಾಚಿಕೊ 1925ರಿಂದ 1935ರವರೆಗೆ ಹೀಗೆ ಕಾದಿತ್ತು. ಅಷ್ಟು ಬಿಡುವಿದ್ದರೆ ಎಂಥವನೂ ಅತ್ತು ಮುಗಿಸಬಹುದು.

ಈ ಮಹಾಶಯ ತಮಾಷೆ ಬಿಟ್ಟು ಹೇಳುವ ಮಾತು ಒಂದಿದೆ. ತೆರೆಯ ಮೇಲಿನ ದುಃಖಕ್ಕೂ ಮನೆಯ ದುಃಖಕ್ಕೂ ಸ್ವಲ್ಪ ಅಂತರ ಬೇಕು. ಅಪ್ಪನನ್ನು ಐಸಿಯುನಲ್ಲಿ ಕಳೆದುಕೊಂಡು ಇನ್ನೂ ವರ್ಷ ತುಂಬದವರಿಗೆ ಐಸಿಯು ದೃಶ್ಯದ ಚಿತ್ರ ಹಾಕಿ “ಅತ್ತುಬಿಡು, ಹಗುರಾಗುತ್ತೆ” ಎನ್ನುವವರು ಇದ್ದಾರೆ. ಅಲ್ಲಿ ವಿಶ್ವನಾಥ ಹೇಳಿದ ಸುಖ ಹುಟ್ಟುವುದಿಲ್ಲ, ಗಾಯ ಕೆದಕಿದಂತಾಗುತ್ತದೆ, ಅಷ್ಟೇ. ಎಷ್ಟೋ ವಾರಗಳಿಂದ ನಿದ್ದೆ ಊಟ ಬಿಟ್ಟು ಕೊರಗುತ್ತಿರುವವರಿಗೂ ಬೇಕಾದ್ದು ಸಿನಿಮಾ ಅಲ್ಲ, ವೈದ್ಯರು.

ಜೊತೆಗೆ ಯಾರನ್ನು ಕೂರಿಸಿಕೊಳ್ಳಬೇಕೆಂಬುದೂ ಆಯ್ಕೆಯೇ. “ಇದೆಲ್ಲ ಗ್ಲಿಸರಿನ್ ಕಣೋ” ಎನ್ನುವ ಭಾವಮೈದುನ ಪ್ರತಿ ಕುಟುಂಬಕ್ಕೂ ಒಬ್ಬ ಇರುತ್ತಾನೆ. ಅವನನ್ನು ಕ್ರಿಕೆಟ್ ಇರುವ ದಿನ ಕರೆಯಬೇಕು. ಊಟವನ್ನು ಮೊದಲೇ ಮಾಡಿಟ್ಟಿರಬೇಕು. ಮುಗಿದಮೇಲಿನ ಆ 20 ನಿಮಿಷ ಹಳೆಯ ಗೆಳೆಯರಿಗೆ ಫೋನು ಮಾಡಬಾರದು, ಯಾರಿಗೂ ಸಾಲ ಕೊಡಲು ಒಪ್ಪಬಾರದು, ಮಕ್ಕಳು ನಾಯಿಮರಿ ಬೇಕೆಂದರೆ ಹೂಂ ಅನ್ನಕೂಡದು. ಬೆಳಗ್ಗೆ ಐದಕ್ಕೆ ಅದನ್ನು ಬೀದಿಗೆ ಕರೆದೊಯ್ಯುವವರು ಯಾರು ಎಂಬುದು ಹತ್ತು ಗಂಟೆಯ ನಂತರ, ಹೆಂಡತಿಯ ಸಮ್ಮುಖದಲ್ಲಿ ತೀರ್ಮಾನವಾಗಲಿ.