ಲಿಯೋನಿಗೆ ಹೋದ ಬಹುವಚನ

ತಂಗಿಯ ಮಗಳಿಗೆ ಫ್ರೆಂಚ್ ಕಂಪನಿಯಲ್ಲಿ ಕೆಲಸವಾಯಿತು. ಕೂರುವುದು ಕುವೆಂಪುನಗರದ ಮನೆಯ ಮಹಡಿಯಲ್ಲಿ, ಲೆಕ್ಕ ಒಪ್ಪಿಸಬೇಕಾದದ್ದು ಲಿಯೋನಿಗೆ. ಕಾಲೇಜಿನಲ್ಲಿ ಫ್ರೆಂಚ್ ಪಾಠ ಹೇಳಿ ನಿವೃತ್ತಳಾದ ನಾನು ಇದ್ದೇನಲ್ಲ, ಲ್ಯಾಪ್‌ಟಾಪ್ ಹಿಡಿದೇ ಬಂದಳು. "ದೊಡ್ಡಮ್ಮ, ಅಲ್ಲಿಯ ಸಹೋದ್ಯೋಗಿಗೆ ಮೊದಲ ಮೇಲ್. 'ತ್ಯು' ಅನ್ನಲೋ, 'ವು' ಅನ್ನಲೋ?"

ನೀನೋ ನೀವೋ ಎಂಬ ಸಂಕಟ ನಮಗೇನು ಹೊಸದೇ? ಮದುವೆ ಮನೆಯಲ್ಲಿ ವರಸೆ ತಿಳಿಯದ ನೆಂಟರು ಎದುರಾದರೆ "ಯಾವಾಗ ಬಂದದ್ದು? ಊಟ ಆಯ್ತಾ?" ಎಂದು ಜಾರಿಕೊಳ್ಳುತ್ತೇವೆ. ಫ್ರೆಂಚಿನಲ್ಲೂ "ಆ ಫೈಲು ಸಿಗಬಹುದೇ?" ಎಂದು ಯಾರನ್ನೂ ಕರೆಯದೆ ಬರೆಯಬಹುದು. ಆದರೆ ಮೂರನೆಯ ಸಾಲಿಗೆ ಅದು ನಗರಪಾಲಿಕೆಯ ನೋಟೀಸಾಗಿಬಿಡುತ್ತದೆ.

"ವು ಅನ್ನು" ಎಂದೆ.

"ಕಂಪನಿಯಲ್ಲಿ ಎಲ್ಲರೂ ತ್ಯು ಅಂತಾರಂತೆ."

"ಅಂದುಕೊಳ್ಳಲಿ. ಈಕೆ ನಿನಗೆ ಇನ್ನೂ ಅಂದಿಲ್ಲವಲ್ಲ." ವುನಿಂದ ತ್ಯುಗೆ ಇಳಿದರೆ ಸ್ನೇಹ, ತ್ಯುನಿಂದ ವುಗೆ ಹತ್ತಿದರೆ ಏನೋ ಮನಸ್ತಾಪವಾಗಿದೆ ಎಂದೇ ಅರ್ಥ.

ಕರಡು ಓದಿದೆ. ಮೇಲೆ "ಬೋಂಜೂರ್", ಜೊತೆಗೆ ಬರೀ ಹೆಸರು. ಅದು ಸರಿಯೇ, ಹೆಸರು ಹಿಡಿದು ಕರೆದು ವು ಎನ್ನುವುದು ಅಲ್ಲಿ ನಡೆಯುತ್ತದೆ. ಮಧ್ಯದಲ್ಲೆಲ್ಲ ಅಚ್ಚುಕಟ್ಟಾಗಿ ವು. ಕೊನೆಗೆ ಬಂದು ಎಡವಿದ್ದಳು: "ಸೀಲ್ ತ ಪ್ಲೇ". ದಯವಿಟ್ಟು ಎನ್ನುವ ಪದಗುಚ್ಛದ ಹೊಟ್ಟೆಯಲ್ಲೂ ಸರ್ವನಾಮ ಅಡಗಿ ಕೂತಿರುತ್ತದೆ. "ತಾವು ದೊಡ್ಡವರು, ದಯವಿಟ್ಟು ಫೈಲು ಕಳಿಸೇ" ಎಂದಂತಾಗಿತ್ತು! "ಸೀಲ್ ವು ಪ್ಲೇ" ಎಂದು ತಿದ್ದಿಸಿ, ಸಹಿಯ ಮೇಲೆ "ಕೊರ್ದಿಯಾಲ್‌ಮಾಂ" ಹಾಕಿಸಿದೆ. ಅದರಲ್ಲಿ ನೀನೂ ಇಲ್ಲ, ನೀವೂ ಇಲ್ಲ.

ಸಂಜೆಯೊಳಗೆ ಉತ್ತರ ಬಂತು. "ಸಾಲ್ಯು" ಎಂಬ ಸಲಿಗೆಯ ನಮಸ್ಕಾರ, ಕೆಳಗೆ "ಒಂ ಪೋ ಸ ತ್ಯುತ್ವಾಯೇ?" ಪರಸ್ಪರ ತ್ಯು ಅನ್ನೋಣವೇ ಎಂದು. ನೋಡಲು ಪ್ರಶ್ನೆ, ಆದರೆ ಬೇಡವೆಂದರೆ ಮುಖಕ್ಕೆ ಬಾಗಿಲು ಹಾಕಿದಂತೆ. ಹುಡುಗಿ ಕುಣಿದಾಡಿ ತ್ಯು ಶುರುಮಾಡಿದಳು. ಅಷ್ಟರಲ್ಲಿ ಇನ್ನೊಂದು ಮೇಲ್, ತುಂಬ ವು. "ದೊಡ್ಡಮ್ಮ, ಕೋಪ ಬಂದಿದೆ!" ನೋಡಿದರೆ ಅದೇ ಮೇಲ್ ಇನ್ನೊಬ್ಬನಿಗೂ ಹೋಗಿತ್ತು. ಇಬ್ಬರಿಗೆ ಒಟ್ಟಿಗೆ ಬರೆದರೆ ವು ಅನ್ನದೆ ಇನ್ನೇನು ಅಂದಾಳು ಪಾಪ? ಅದು ಗೌರವವಲ್ಲ, ಬರೀ ಲೆಕ್ಕ.

ಹಾಗಂತ ಫ್ರೆಂಚರಲ್ಲಿ ಸಲಿಗೆ ಇದ್ದಲ್ಲೆಲ್ಲ ತ್ಯು ಎಂದು ತಿಳಿಯಬೇಡಿ. ನಮ್ಮ ಹಳೇ ಮನೆಗಳಲ್ಲಿ ಹೆಂಡತಿ ನೀವು ಅಂದರೆ ಗಂಡ ನೀನು ಅಂತಿದ್ದ. ಅಲ್ಲಿ ಅಧ್ಯಕ್ಷರಾಗಿದ್ದ ಜಾಕ್ ಶಿರಾಕ್ ಮತ್ತು ಅವರ ಹೆಂಡತಿ ಬರ್ನಡೆಟ್, ಇಬ್ಬರೂ ಒಬ್ಬರಿಗೊಬ್ಬರು ವು ಎಂದೇ ಸಂಸಾರ ಮಾಡಿದರು.